ಹೊಸಬರಿಗೆ ಸರಿಜೋಡಿ ಹುಡುಕುವ ಲೆಕ್ಕ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಇನ್ನೂರು ಮಂದಿ ಫೋನಿನಲ್ಲಿ ಆಡುವ ಕೇರಂ ಆಟವೊಂದಿದೆ ಎಂದಿಟ್ಟುಕೊಳ್ಳೋಣ. ಕುರುಗೋಡಿನ ಹುಡುಗಿಯೊಬ್ಬಳು ಇಂದು ಸೇರಿದ್ದಾಳೆ. ಪಳಗಿದ ಕೈಗಳೆದುರು ಸಾಲಾಗಿ ಐದು ಆಟ ಸೋತರೆ ಆರನೆಯದಕ್ಕೆ ಅವಳು ಬರುವುದು ಅನುಮಾನ. ಅವಳಿಗೆ ಸಮಬಲದ ಎದುರಾಳಿಯನ್ನು ಸರ್ವರ್ ಹುಡುಕುವುದು ಹೇಗೆ?

ದಾರಿ ತೋರಿದ್ದು ಚದುರಂಗ. ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾಡ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಲ್ಲಿನ ಚೆಸ್ ಒಕ್ಕೂಟ 1960ರಲ್ಲಿ, ವಿಶ್ವ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡವು. ಇಬ್ಬರ ರೇಟಿಂಗ್‌ಗಳ ಅಂತರವೇ ಗೆಲುವಿನ ಸಾಧ್ಯತೆಯನ್ನು ಹೇಳುತ್ತದೆ. ಅಂತರ 200 ಇದ್ದರೆ, ಡ್ರಾ ಇಲ್ಲದ ಆಟದಲ್ಲಿ ಕಡಿಮೆ ಅಂಕದವರು ನೂರರಲ್ಲಿ ಸುಮಾರು 24 ಆಟ ಗೆಲ್ಲಬೇಕು. ನಿರೀಕ್ಷೆ ಮೀರಿ ಗೆದ್ದರೆ ಅಂಕ ಹೆಚ್ಚು ಏರುತ್ತದೆ.

ಆದರೆ ಹೊಸಬಳ ಅಂಕ ಬರೀ ಊಹೆ. ಮಾರ್ಕ್ ಗ್ಲಿಕ್‌ಮನ್ ರೂಪಿಸಿದ ಗ್ಲಿಕೊ ಪದ್ಧತಿ ಈ ಊಹೆಯ ಅನಿಶ್ಚಿತತೆಯನ್ನೂ ಇನ್ನೊಂದು ಸಂಖ್ಯೆಯಾಗಿ ಬರೆದಿಡುತ್ತದೆ. ಹೊಸಬಳಿಗೆ 1500 ಅಂಕ, 350 ಅನಿಶ್ಚಿತತೆ. ಎದುರಾಳಿ ಸಿರುಗುಪ್ಪದ ಹಳೆಯ ಆಟಗಾರ. ಅವನದೂ 1500, ಅನಿಶ್ಚಿತತೆ ಮಾತ್ರ 50. ಅವಳು ಸೋತರೆ ಅಂಕ ಸುಮಾರು 175 ಇಳಿದು 1325ಕ್ಕೆ ಬರುತ್ತದೆ, ಅನಿಶ್ಚಿತತೆ 248ಕ್ಕೆ. ಅವನಿಗೆ ಸಿಗುವುದು ಐದೇ ಅಂಕ, ಏಕೆಂದರೆ ಅವನ ಅಂಕ ಆಗಲೇ ಬಹುಮಟ್ಟಿಗೆ ಖಚಿತ, ಅಪರಿಚಿತಳನ್ನು ಸೋಲಿಸಿದ್ದರಿಂದ ಅವನ ಬಗ್ಗೆ ಹೊಸದಾಗಿ ಹೆಚ್ಚೇನೂ ತಿಳಿಯಲಿಲ್ಲ. ಹೀಗೆ ಕೆಲವೇ ಆಟಗಳಲ್ಲಿ ಅವಳು ತನ್ನ ಮಟ್ಟದ ಹತ್ತಿರ ಬರುತ್ತಾಳೆ.

ಸಣ್ಣ ಆಟಕ್ಕೆ ಬೇರೆಯದೇ ಕಷ್ಟವಿದೆ. ರಾತ್ರಿ ಹನ್ನೊಂದಕ್ಕೆ ಕಾಯುತ್ತಿರುವವರು ನಾಲ್ವರೇ ಇರಬಹುದು. ಆಗ ಮೊದಲು 100 ಅಂಕದ ಅಂತರದಲ್ಲಿ ಹುಡುಕಿ, ಸಿಗದಿದ್ದರೆ ಪ್ರತಿ ಹತ್ತು ಸೆಕೆಂಡಿಗೆ ಅಂತರ ಹಿಗ್ಗಿಸಬೇಕು. ಹೊಸಬರ ಮಟ್ಟಿಗೆ ಆ ಹಿಗ್ಗುವಿಕೆಗೆ ಒಂದು ಮಿತಿ ಇರಲಿ. ಅರ್ಧ ನಿಮಿಷ ಹೆಚ್ಚು ಕಾಯುವುದು ಏಕಪಕ್ಷೀಯ ಸೋಲಿಗಿಂತ ಮೇಲು.

ಇನ್ನೊಂದು ಅಪಾಯ, ಬಳಗ ಒಡೆಯುವುದು. ಸಿರುಗುಪ್ಪದವರು ತಮ್ಮತಮ್ಮಲ್ಲೇ ಆಡಿದರೆ ಅಲ್ಲಿನ 1600ಕ್ಕೂ ಬಳ್ಳಾರಿಯ 1600ಕ್ಕೂ ಸಂಬಂಧವೇ ಇರುವುದಿಲ್ಲ. ಅಮೆರಿಕದ ಜೈಲಿನಲ್ಲಿದ್ದ ಕ್ಲಾಡ್ ಬ್ಲಡ್‌ಗುಡ್ ಮುಖ್ಯವಾಗಿ ಸಹಕೈದಿಗಳೊಂದಿಗೇ ಚೆಸ್ ಆಡಿ 1996ರಲ್ಲಿ 2700 ದಾಟಿದ್ದ. ದೇಶದ ಅತ್ಯುನ್ನತ ರೇಟಿಂಗ್‌ಗಳ ಸಾಲಿಗೆ ಬಂದಿದ್ದ. ಸೂತ್ರ ತಪ್ಪಿರಲಿಲ್ಲ, ಬಳಗಕ್ಕೆ ಹೊರಗಿನ ನಂಟು ಇರಲಿಲ್ಲ. ಆದ್ದರಿಂದ ಊರೂರುಗಳ ನಡುವೆ ಆಗಾಗ ಜೋಡಿ ಕಟ್ಟಲೇಬೇಕು.

ಲೆಕ್ಕ ಸರಿಯೇ ಎಂದು ನೋಡುವುದು ಸುಲಭ. ಸರ್ವರ್ ‘24 ಪ್ರತಿಶತ’ ಎಂದ ಆಟಗಳನ್ನೆಲ್ಲ ಒಟ್ಟುಹಾಕಿ, ಕಡಿಮೆ ಅಂಕದವರು ನಿಜಕ್ಕೂ ಎಷ್ಟು ಗೆದ್ದರೆಂದು ಎಣಿಸಬೇಕು. ಸಾಕಷ್ಟು ಆಟಗಳ ನಂತರವೂ ಹತ್ತೇ ಪ್ರತಿಶತ ಗೆದ್ದಿದ್ದರೆ ಆ ರೇಟಿಂಗ್ ಕಡಿಮೆ ಅಂಕದವರಿಗೆ ನ್ಯಾಯ ಒದಗಿಸುತ್ತಿಲ್ಲ, ಅದನ್ನು ತಿದ್ದಲೇಬೇಕು.