ಎಸ್‌ಟಿಪಿಯ ಲೆಕ್ಕ ಶುರುವಾಗುವುದು ಬೆಳಗಿನ ಸ್ನಾನದಿಂದ

ಬೆಂಗಳೂರಿನಲ್ಲಿ ನೂರು ಫ್ಲ್ಯಾಟ್‌ಗಳ ಒಂದು ಅಪಾರ್ಟ್‌ಮೆಂಟ್ ಇದೆ ಎಂದುಕೊಳ್ಳಿ. ಮನೆಗೆ ಐದು ಜನರಂತೆ 500 ಮಂದಿ. ತಲೆಗೆ ದಿನಕ್ಕೆ 135 ಲೀಟರ್ ನೀರು ಹಿಡಿದರೆ 67,500 ಲೀಟರ್. ಅದರಲ್ಲಿ ಹೆಚ್ಚುಕಮ್ಮಿ 60,000 ಲೀಟರ್ ಕೊಳಚೆಯಾಗಿ ಕೆಳಗಿಳಿಯುತ್ತದೆ. ಸರಾಸರಿ ನೋಡಿದರೆ ಗಂಟೆಗೆ 2,500 ಲೀಟರ್ ಅಷ್ಟೇ.

ಆದರೆ ಕೊಳಚೆ ಸರಾಸರಿ ನೋಡಿಕೊಂಡು ಬರುವುದಿಲ್ಲ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಸ್ನಾನ, ಪಾತ್ರೆ, ವಾಷಿಂಗ್ ಮಷೀನ್ ಎಲ್ಲವೂ ಸೇರಿ ಗಂಟೆಗೆ ಏಳು ಸಾವಿರ ಲೀಟರ್ ಮುಟ್ಟಬಹುದು. ಹೆಚ್ಚಿಗೆ ಬಂದದ್ದನ್ನು ಹಿಡಿದಿಟ್ಟು, ಮುಂದಿನ ತೊಟ್ಟಿಗೆ ಒಂದೇ ಸಮನೆ ಕಳಿಸಲು ಈಕ್ವಲೈಸೇಷನ್ ಟ್ಯಾಂಕ್ ಬೇಕು. ಇಲ್ಲಿ ಆರು ಗಂಟೆಯ ಸರಾಸರಿ ಹರಿವು, ಅಂದರೆ 15,000 ಲೀಟರ್ ಸಾಮರ್ಥ್ಯ ಇರಲೇಬೇಕು. ಕಸ ತಡೆಯುವ ಸರಳಿನ ಜಾಲರಿ ಇದಕ್ಕೂ ಮುಂಚೆ ಬರಬೇಕು. ತೊಟ್ಟಿಗೆ ಗಾಳಿ ಬಿಟ್ಟು ಕಲಕುತ್ತಿರದಿದ್ದರೆ ಕೊಳಚೆ ತಳ ಹಿಡಿದು ನಾರುತ್ತದೆ. ಬೆಳಗಾಗುವಷ್ಟರಲ್ಲಿ ತೊಟ್ಟಿ ಬಹುಮಟ್ಟಿಗೆ ಖಾಲಿಯಾಗಿರಬೇಕು, ತುಂಬಿದ್ದರೆ ಅದು ಇದ್ದೂ ಇಲ್ಲದಂತೆ. ಜಾಗ ಉಳಿಸುವವರು ಮೊದಲು ಕೈಹಾಕುವುದು ಇದಕ್ಕೇ, ನನ್ನ ಪ್ರಕಾರ ಅದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ.

ನಿಜವಾದ ಕೆಲಸ ನಡೆಯುವುದು ಏರೇಷನ್ ಟ್ಯಾಂಕಿನಲ್ಲಿ. ಅಲ್ಲಿ ಬ್ಯಾಕ್ಟೀರಿಯಾಗಳು ಕೊಳೆಯನ್ನೇ ತಿಂದು ಬದುಕುತ್ತವೆ, ಬ್ಲೋವರ್ ಅವುಗಳಿಗೆ ಗಾಳಿ ಊದುತ್ತದೆ. ಕೊಳೆಯ ಪ್ರಮಾಣವನ್ನು ಬಿಒಡಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಲೀಟರಿಗೆ 300 ಮಿಲಿಗ್ರಾಂ ಎಂದರೆ ನಮ್ಮ ಕೊಳಚೆಯಲ್ಲಿ ದಿನಕ್ಕೆ 18 ಕಿಲೋ. ಒಂದು ಕಿಲೋ ಬ್ಯಾಕ್ಟೀರಿಯಾಕ್ಕೆ ದಿನಕ್ಕೆ 120 ಗ್ರಾಂ ಆಹಾರ ಹದವಾದದ್ದು ಎಂದು ಹಿಡಿದರೆ, 150 ಕಿಲೋ ಬ್ಯಾಕ್ಟೀರಿಯಾ ಬೇಕು. ಒಂದು ಘನ ಮೀಟರಿನಲ್ಲಿ ಮೂರೂವರೆ ಕಿಲೋ ಸಾಕಬಹುದು. ಹಾಗಾಗಿ ತೊಟ್ಟಿ ಸುಮಾರು 43 ಘನ ಮೀಟರ್, ನಾಲ್ಕು ಮೀಟರ್ ಆಳವಿಟ್ಟರೆ ಒಂದು ಸಣ್ಣ ಕೋಣೆಯಷ್ಟು ಜಾಗ.

ಅಲ್ಲಿಂದ ನೀರು ಕ್ಲಾರಿಫೈಯರ್‌ಗೆ ಹೋಗಿ ತಿಳಿಯಾಗುತ್ತದೆ. ತಳಕ್ಕಿಳಿದ ಸ್ಲಡ್ಜನ್ನು ಬಿಡದೆ ಏರೇಷನ್ ಟ್ಯಾಂಕಿಗೆ ವಾಪಸ್ ಪಂಪ್ ಮಾಡಬೇಕು, ಏಕೆಂದರೆ ಅದೇ ನಮ್ಮ ಬ್ಯಾಕ್ಟೀರಿಯಾ. ಹೆಚ್ಚಾಗಿ ಬೆಳೆದದ್ದನ್ನು ಮಾತ್ರ ಹೊರತೆಗೆಯುವುದು. ಸ್ಲಡ್ಜ್ ತಳದಲ್ಲೇ ಕೂತರೆ ಅನಿಲ ಹುಟ್ಟಿ ಹೆಂಟೆಹೆಂಟೆಯಾಗಿ ಮೇಲೆ ತೇಲುತ್ತದೆ. ತಿಳಿನೀರನ್ನು ಮರಳು, ಇದ್ದಿಲಿನ ಫಿಲ್ಟರ್‌ಗಳಲ್ಲಿ ಸೋಸಿ, ಕ್ಲೋರಿನ್ ಹಾಕಿ ಫ್ಲಶ್‌ಗೆ, ಗಿಡಗಳಿಗೆ ಬಿಡುತ್ತಾರೆ.

ಸ್ಥಾವರದ ಆರೋಗ್ಯ ನೋಡಲು ಒಂದು ಲೀಟರಿನ ಅಳತೆ ಜಾಡಿ ಸಾಕು. ಏರೇಷನ್ ಟ್ಯಾಂಕಿನ ನೀರು ತುಂಬಿ ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಕಂದು ಸ್ಲಡ್ಜ್ ಜಾಡಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕೂತು, ಮೇಲಿನ ನೀರು ತಿಳಿಯಿದ್ದರೆ ಸರಿ. ಕಪ್ಪಗಾಗಿ ನಾತ ಹೊಡೆದರೆ ಗಾಳಿ ಸಾಲುತ್ತಿಲ್ಲ. ಕರೆಂಟ್ ಬಿಲ್ಲಿಗೆ ಹೆದರಿ ರಾತ್ರಿ ಬ್ಲೋವರ್ ನಿಲ್ಲಿಸುವ ಕಡೆ ಆಗುವುದು ಇದೇ.

ಬಿಲ್ಡರ್‌ನಿಂದ ಎಸ್‌ಟಿಪಿ ವಹಿಸಿಕೊಳ್ಳುವ ಮುನ್ನ ನಕ್ಷೆ ತರಿಸಿ, ಈ ಎರಡು ತೊಟ್ಟಿಗಳ ಅಳತೆಯನ್ನು ನೀವೇ ಟೇಪ್ ಹಿಡಿದು ನೋಡಿ.