ಮೂರು ಕಂತುಗಳ ಬದಲು ಒಂದೇ ಬಾರಿ ಪಾವತಿ: ನ್ಯಾಯವಾದ ಮೊತ್ತ ಎಷ್ಟು? ಲೆಕ್ಕ ಹಾಕುವುದು ಹೀಗೆ

ಮುಂಬೈನಲ್ಲಿ ನೆಲೆಸಿರುವ ತಂಗಿ, ಹುಬ್ಬಳ್ಳಿಯ ಹಿರಿಯರ ಮನೆಯಲ್ಲಿನ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುತ್ತಾಳೆ ಎಂದುಕೊಳ್ಳಿ. ಮಾತುಕತೆಯಂತೆ ಅಣ್ಣ ಇಂದು 2 ಲಕ್ಷ, 1 ವರ್ಷದ ನಂತರ 3 ಲಕ್ಷ, 3 ವರ್ಷಗಳ ನಂತರ 4 ಲಕ್ಷ ರೂಪಾಯಿ ಕೊಡಬೇಕು. ಆದರೆ ಈಗ ಅಣ್ಣ, ‘ಮೂರು ಸಲ ಬೇಡಮ್ಮ, 2 ವರ್ಷ ಬಿಟ್ಟು ಒಂದೇ ಸಲ 9 ಲಕ್ಷ ಕೊಟ್ಟುಬಿಡ್ತೀನಿ’ ಎನ್ನುತ್ತಾನೆ. ಕೂಡಿದರೆ 9 ಲಕ್ಷವೇ ಆಗುತ್ತದೆ. ಹಾಗಾದರೆ ತಂಗಿ ಒಪ್ಪಬಹುದೇ?

ಒಪ್ಪಿದರೆ ಆಕೆಗೆ ನಷ್ಟ. ಬೇರೆ ಬೇರೆ ದಿನ ಕೈಗೆ ಬರುವ ಹಣವನ್ನು ನೇರವಾಗಿ ಕೂಡುವಂತಿಲ್ಲ. ಎಲ್ಲ ಕಂತುಗಳನ್ನೂ ಒಂದೇ ದಿನದ ಬೆಲೆಗೆ ತಂದು, ಆಮೇಲೆ ಕೂಡಬೇಕು. ಇದನ್ನೇ ‘ಮೌಲ್ಯ ಸಮೀಕರಣ’ ಎನ್ನುತ್ತಾರೆ.

ಲೆಕ್ಕ ಹೇಗೆ?

ಇಬ್ಬರೂ ವರ್ಷಕ್ಕೆ ಶೇ 10ರ ಚಕ್ರಬಡ್ಡಿಗೆ ಒಪ್ಪಿದ್ದಾರೆ ಎಂದಿಟ್ಟುಕೊಳ್ಳೋಣ. ಹಣ ಕೊಡುವ ದಿನ, ಅಂದರೆ 2ನೇ ವರ್ಷದ ಕೊನೆ, ಹೋಲಿಕೆಯ ದಿನವಾಗಿರಲಿ.

- ಇಂದಿನ 2 ಲಕ್ಷ 2 ವರ್ಷ ತಡವಾಗುತ್ತದೆ. ಎರಡು ಬಾರಿ 1.10ರಿಂದ ಗುಣಿಸಿದರೆ 2,42,000 ರೂ.
- 1 ವರ್ಷದ ನಂತರದ 3 ಲಕ್ಷ 1 ವರ್ಷ ತಡ. ಒಮ್ಮೆ ಗುಣಿಸಿದರೆ 3,30,000 ರೂ.
- 3ನೇ ವರ್ಷದ 4 ಲಕ್ಷ 1 ವರ್ಷ ಮೊದಲೇ ಸಿಗುತ್ತದೆ. 1.10ರಿಂದ ಭಾಗಿಸಿದರೆ 3,63,636 ರೂ.

ಒಟ್ಟು 9,35,636 ರೂ. ಅಣ್ಣ ಹೇಳಿದ 9 ಲಕ್ಷಕ್ಕೆ ಒಪ್ಪಿದರೆ ತಂಗಿ 35,636 ರೂ. ಕಳೆದುಕೊಳ್ಳುತ್ತಾಳೆ.

ಎಲ್ಲಿ ತಪ್ಪುತ್ತದೆ?

ಮೊದಲೇ ಸಿಗುವ ಕಂತಿನಿಂದ ಶೇ 10 ಕಳೆಯುವುದು ಸಾಮಾನ್ಯ ತಪ್ಪು. 4 ಲಕ್ಷದಲ್ಲಿ ಶೇ 10 ಕಳೆದರೆ 3.60 ಲಕ್ಷ ಉಳಿಯುತ್ತದೆ. ಅದಕ್ಕೆ ಒಂದು ವರ್ಷದ ಬಡ್ಡಿ ಸೇರಿಸಿದರೆ 3.96 ಲಕ್ಷವಷ್ಟೇ ಆಗುತ್ತದೆ, 4 ಲಕ್ಷ ಮುಟ್ಟುವುದಿಲ್ಲ. ಆದ್ದರಿಂದ ಕಳೆಯಬಾರದು, ಭಾಗಿಸಬೇಕು.

ಉತ್ತರ ಸರಿಯೇ ಎಂದು ನೋಡಲು ಬೇರೊಂದು ದಿನ ಹಿಡಿದು ಲೆಕ್ಕ ಹಾಕಿ. ಇಂದಿನ ಬೆಲೆಯಲ್ಲಿ ಮೂರೂ ಕಂತು ಸೇರಿ ಸುಮಾರು 7,73,253 ರೂ. ಅದಕ್ಕೆ 2 ವರ್ಷದ ಚಕ್ರಬಡ್ಡಿ ಸೇರಿಸಿದರೆ ಮತ್ತೆ 9,35,636 ರೂ. ಬರುತ್ತದೆ.

ಸರಳ ಬಡ್ಡಿಯಲ್ಲಿ ಹೀಗಾಗುವುದಿಲ್ಲ. ಶೇ 10ರ ಸರಳ ಬಡ್ಡಿಯಲ್ಲಿ 2ನೇ ವರ್ಷದ ಕೊನೆಯನ್ನು ಹೋಲಿಕೆಯ ದಿನವಾಗಿ ಹಿಡಿದರೆ 9,33,636 ರೂ., ಇಂದಿನ ದಿನ ಹಿಡಿದರೆ 9,36,503 ರೂ. ಬರುತ್ತದೆ. ಹಾಗಾಗಿ ಸರಳ ಬಡ್ಡಿಯಾದರೆ ಯಾವ ದಿನಕ್ಕೆ ಹೋಲಿಸಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಬಡ್ಡಿ ದರವೇ ಮುಖ್ಯ

ಇದೇ ಕಂತುಗಳಿಗೆ ಶೇ 6ರ ಚಕ್ರಬಡ್ಡಿ ಹಿಡಿದರೆ ಮೊತ್ತ 9,20,078 ರೂ.ಗೆ ಇಳಿಯುತ್ತದೆ. ಯಾವ ದರ ಹಿಡಿಯಬೇಕು ಎಂಬುದನ್ನು ಸಮೀಕರಣ ಹೇಳುವುದಿಲ್ಲ, ಅಣ್ಣ ತಂಗಿಯೇ ಒಪ್ಪಿಕೊಳ್ಳಬೇಕು. ಮೊತ್ತದ ಜೊತೆಗೆ ಬಡ್ಡಿ ದರ, ಸರಳವೋ ಚಕ್ರವೋ, ಹಣ ಕೊಡುವ ದಿನಾಂಕ ಯಾವುದು ಎಂಬುದನ್ನೂ ಕಾಗದದಲ್ಲಿ ಬರೆದಿಟ್ಟರೆ ಮುಂದೆ ಜಗಳಕ್ಕೆ ಕಾರಣ ಇರುವುದಿಲ್ಲ.