ಒಂದೇ ಔಷಧ, ನಾಲ್ಕು ದಾರಿ

ಹೃದಯದ ತೊಂದರೆ ಇರುವವರ ಮಾತ್ರೆ ಡಬ್ಬಿಯಲ್ಲಿ ನೈಟ್ರೋಗ್ಲಿಸರಿನ್ ಎರಡು ಬಗೆಯಲ್ಲಿ ಇರುವುದುಂಟು. ಒಂದು, ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಅರ್ಧ ಮಿಲಿಗ್ರಾಮಿನ ಪುಟ್ಟ ಮಾತ್ರೆ. ಇನ್ನೊಂದು, ದಿನವೂ ನೀರಿನೊಂದಿಗೆ ನುಂಗುವ 2.6 ಮಿಲಿಗ್ರಾಮಿನ ಮಾತ್ರೆ. ನುಂಗುವುದರಲ್ಲಿ ಔಷಧ ಐದು ಪಟ್ಟು ಹೆಚ್ಚಿದೆ. ಆದರೂ ನೋವು ಬಂದ ಗಳಿಗೆಯಲ್ಲಿ ಕೆಲಸಕ್ಕೆ ಬರುವುದು ಪುಟ್ಟದ್ದೇ.

ಅರವತ್ತು ದಾಟಿದ ಒಬ್ಬರು ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಯಿತು ಎಂದುಕೊಳ್ಳಿ. ಗಾಬರಿಯಲ್ಲಿ ಅವರು ಆ ಪುಟ್ಟ ಮಾತ್ರೆಯನ್ನು ನೀರು ಕುಡಿದು ನುಂಗಿಬಿಟ್ಟರೆ ಅದು ಹೊಟ್ಟೆಗೆ ಇಳಿದು ಕರುಳಿನಲ್ಲಿ ರಕ್ತಕ್ಕೆ ಸೇರುತ್ತದೆ. ಕರುಳಿನ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಲಿವರ್ ಮೂಲಕ ಹಾದುಹೋಗುತ್ತದೆ. ನೈಟ್ರೋಗ್ಲಿಸರಿನ್ನಿನ ಬಹುಪಾಲನ್ನು ಲಿವರ್ ಅಲ್ಲೇ ಒಡೆದುಹಾಕುತ್ತದೆ. ನುಂಗುವ ಮಾತ್ರೆಯಲ್ಲಿ ಔಷಧವನ್ನು ಅಷ್ಟು ಹೆಚ್ಚು ತುಂಬಿ, ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿರುವುದು ಈ ನಷ್ಟವನ್ನು ಲೆಕ್ಕ ಹಾಕಿಯೇ. ಅದು ನೋವು ಬಾರದಂತೆ ತಡೆಯಲು ಇರುವುದು, ಬಂದ ನೋವಿಗಲ್ಲ. ಅದನ್ನು ಅಗಿಯುವುದಾಗಲಿ ಪುಡಿ ಮಾಡುವುದಾಗಲಿ ಕೂಡದು. ತಾಸುಗಟ್ಟಲೆ ಇಳಿಯಬೇಕಾದ ಔಷಧ ಆಗ ಒಮ್ಮೆಲೇ ಹೊರಬರುತ್ತದೆ.

ನಾಲಿಗೆಯ ಕೆಳಗಿನ ತೆಳು ಪೊರೆಯಿಂದ ಹೊರಡುವ ರಕ್ತ ಕುತ್ತಿಗೆಯ ಅಭಿಧಮನಿಗಳ ಮೂಲಕ ಹೃದಯ ಸೇರುತ್ತದೆ, ಲಿವರ್ ದಾರಿಯಲ್ಲಿ ಸಿಗುವುದೇ ಇಲ್ಲ. ಹಾಗಾಗಿ 1ರಿಂದ 3 ನಿಮಿಷದಲ್ಲಿ ರಕ್ತನಾಳಗಳು ಸಡಿಲಗೊಂಡು ಹೃದಯದ ಹೊರೆ ಇಳಿಯುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಮರೆಲ್ 1879ರಲ್ಲಿ ಈ ಔಷಧವನ್ನು ಎದೆನೋವಿಗೆ ಬಳಸಿದ ಅನುಭವವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಇಂದಿಗೂ ಅದು ಬಳಕೆಯಲ್ಲಿದೆ.

ವೇಗದ ಬೆಲೆಯನ್ನೂ ತೆರಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪರಿಣಾಮ ಮುಗಿಯುತ್ತದೆ. ಬಿಪಿ ಇಳಿದು ತಲೆ ಸುತ್ತುವುದರಿಂದ ಕುಳಿತೇ ತೆಗೆದುಕೊಳ್ಳಬೇಕು. ತಲೆನೋವು ಸಾಮಾನ್ಯ. ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡಿದ್ದರೆ ಬಿಪಿ ಅಪಾಯಕರವಾಗಿ ಕುಸಿಯಬಹುದು, ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಲೇಬೇಕು. ಬಾಯಿ ಒಣಗಿದ್ದರೆ ಮಾತ್ರೆ ಕರಗುವುದೇ ತಡ. ಮೊದಲು ಒಂದು ಗುಟುಕು ನೀರಿನಿಂದ ಬಾಯಿ ತೇವ ಮಾಡಿಕೊಳ್ಳಬಹುದು, ಇಲ್ಲವೇ ನಾಲಿಗೆಗೆ ಹೊಡೆಯುವ ಸ್ಪ್ರೇ ಬಳಸಬಹುದು.

ನನಗೆ ಹೆಚ್ಚು ಆತಂಕ ತರುವುದು ಮಾತ್ರೆಯನ್ನು ಇಟ್ಟುಕೊಳ್ಳುವ ರೀತಿ. ನೈಟ್ರೋಗ್ಲಿಸರಿನ್ ಆವಿಯಾಗುವ ಪದಾರ್ಥ. ಕಂದು ಬಣ್ಣದ ಗಾಜಿನ ಬಾಟಲಿಯಲ್ಲಿ ಕೊಟ್ಟ ಮಾತ್ರೆಗಳನ್ನು ಅನುಕೂಲಕ್ಕೆಂದು ವಾರದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಟ್ಟರೆ ಔಷಧ ಹಾರಿಹೋಗುತ್ತದೆ. ಮಾತ್ರೆಯ ಆಕಾರ, ಬಣ್ಣ ಹಾಗೇ ಇರುವುದರಿಂದ ಕಣ್ಣಿಗೆ ತಿಳಿಯುವುದಿಲ್ಲ. ನಮ್ಮಲ್ಲಿ ಹೆಚ್ಚು ಪರಿಚಿತವಾದ ಸಾರ್ಬಿಟ್ರೇಟ್ ಇದೇ ಗುಂಪಿನ ಬೇರೆ ಔಷಧ. ಅದು ಇದಕ್ಕಿಂತ ಗಟ್ಟಿ, ನಾಲಿಗೆಯ ಕೆಳಗೆ ಇಟ್ಟರೆ ಕೆಲಸ ಶುರುವಾಗುವುದು ಸ್ವಲ್ಪ ತಡ.

ಲಿವರನ್ನು ತಪ್ಪಿಸುವ ಇನ್ನೊಂದು ದಾರಿ ಚರ್ಮ. ಎದೆಗೋ ತೋಳಿಗೋ ಅಂಟಿಸಿದ ಪ್ಯಾಚ್‌ನಿಂದ ಔಷಧ ಹನಿಹನಿಯಾಗಿ ಒಳಗಿಳಿಯುತ್ತದೆ. ಪರಿಣಾಮ ಕಾಣಲು ಅರ್ಧ ಗಂಟೆಗೂ ಹೆಚ್ಚು ಬೇಕು, ಆದ್ದರಿಂದ ಎದ್ದ ನೋವಿಗೆ ಇದು ಪ್ರಯೋಜನವಿಲ್ಲ. ಇಡೀ ದಿನ ಹಚ್ಚಿಕೊಂಡೇ ಇದ್ದರೆ ದೇಹ ಔಷಧಕ್ಕೆ ಒಗ್ಗಿ ಅದು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಹಿಂದೆ ಡೈನಮೈಟ್ ಕಾರ್ಖಾನೆಗಳಲ್ಲಿ ಇದು ಎದ್ದು ಕಂಡಿತ್ತು. ಅಲ್ಲಿನ ಸ್ಫೋಟಕವೂ ನೈಟ್ರೋಗ್ಲಿಸರಿನ್ನೇ. ಸೋಮವಾರ ಕಾರ್ಮಿಕರಿಗೆ ವಿಪರೀತ ತಲೆನೋವು, ವಾರ ಕಳೆಯುತ್ತ ಅದು ಮಾಯ, ರಜೆ ಮುಗಿಸಿ ಬಂದರೆ ಮತ್ತೆ ಹಾಜರ್. ಚರ್ಮ ಮತ್ತು ಉಸಿರಿನ ಮೂಲಕ ಸೇರಿದ ಔಷಧಕ್ಕೆ ದೇಹ ಒಗ್ಗುವುದು, ಬಿಡುವು ಸಿಕ್ಕಾಗ ಆ ಒಗ್ಗಿಕೆ ಕಳೆಯುವುದು ಎರಡೂ ಅಲ್ಲಿ ಕಂಡಿತು. ಬೆಳಿಗ್ಗೆ ಹಚ್ಚಿದ ಪ್ಯಾಚನ್ನು 12ರಿಂದ 14 ಗಂಟೆಯ ಬಳಿಕ ತೆಗೆದು ರಾತ್ರಿ ಬಿಡುವು ಕೊಡಬೇಕೆನ್ನುವುದು ಇದಕ್ಕೇ. ಹಳೆಯದನ್ನು ತೆಗೆಯಲು ಮರೆತು ಹೊಸದನ್ನು ಅಂಟಿಸಿದರೆ ಎರಡರ ಔಷಧವೂ ಸೇರಿ ಬಿಪಿ ಇಳಿಯುತ್ತದೆ.

ನಮ್ಮ ಮೆಟ್ಟಿಲ ಮೇಲಿನ ವ್ಯಕ್ತಿಗೆ ಬರೋಣ. ಕುಳಿತು ನಾಲಿಗೆಯ ಕೆಳಗೆ ಮಾತ್ರೆ ಇಟ್ಟು 5 ನಿಮಿಷವಾದರೂ ನೋವು ಇಳಿಯದಿದ್ದರೆ, ಅಥವಾ ಹೆಚ್ಚಾದರೆ, 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ಇದೇ ಔಷಧವನ್ನು ಡ್ರಿಪ್ ಮೂಲಕ ರಕ್ತನಾಳಕ್ಕೇ ಕೊಡುವುದುಂಟು. ಪರಿಣಾಮ ಬಹುತೇಕ ತಕ್ಷಣ. ನಿಮಿಷಕ್ಕೆ 5 ಮೈಕ್ರೋಗ್ರಾಮಿನಷ್ಟು ಸಣ್ಣ ಪ್ರಮಾಣದಿಂದ ಆರಂಭಿಸಿ, ಮಾನಿಟರಿನಲ್ಲಿ ಬಿಪಿ ನೋಡುತ್ತ ಏರಿಸುತ್ತಾರೆ. ಬಿಪಿ ಕುಸಿದರೆ ಪಂಪ್ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಪ್ರಭಾವ ಇಳಿಯುತ್ತದೆ, ನುಂಗಿದ ಮಾತ್ರೆಯಲ್ಲಿ ಈ ಹಿಡಿತ ಸಿಗದು. ಆದರೆ ಸಾಮಾನ್ಯ ಪಿವಿಸಿ ನಳಿಕೆ ಈ ಔಷಧವನ್ನು ತನ್ನೊಳಕ್ಕೆ ಹೀರಿಕೊಳ್ಳುತ್ತದೆ. ಅದರಿಂದ ರೋಗಿಗೆ ತಲುಪುವ ಪ್ರಮಾಣ ಲೆಕ್ಕಕ್ಕಿಂತ ಕಡಿಮೆಯಾಗುವುದನ್ನು ತಪ್ಪಿಸಲು ಗಾಜಿನ ಬಾಟಲಿ, ಪಾಲಿಎಥಿಲೀನ್ ನಳಿಕೆಗಳನ್ನು ಬಳಸುತ್ತಾರೆ.